ತಿಂಗಳ ಮಿತಿಯೂ ಕಾಫಿ ಕೊಯ್ಲೂ

"ಸಕಲೇಶಪುರದಲ್ಲಿ ಕಾಫಿ ಖರೀದಿಸುತ್ತೇನೆ. ಆನ್‌ಲೈನ್ ಸಹಿಯ ಸೇವೆ ಡಾಕ್ಯುಸೈನ್‌ನ ಪರ್ಸನಲ್ ಯೋಜನೆಯಲ್ಲಿ ತಿಂಗಳಿಗೆ ಸಿಗುವ 5 ಎನ್ವಲಪ್ ಸಾಲದು, ಸ್ಟ್ಯಾಂಡರ್ಡ್ ಯೋಜನೆ ತೆಗೆದುಕೊಳ್ಳಲೇ?"

ಎನ್ವಲಪ್ ಅಂದರೆ ಸಹಿಗೆಂದು ಒಮ್ಮೆಗೆ ಕಳುಹಿಸುವ ದಾಖಲೆಗಳ ಕಟ್ಟು. ಮಿತಿ ಲೆಕ್ಕಹಾಕುವುದು ಕಳುಹಿಸಿದ ಎನ್ವಲಪ್‌ಗಳನ್ನೇ ಹೊರತು ಅದರೊಳಗಿನ ದಾಖಲೆಗಳನ್ನಲ್ಲ. ಆದ್ದರಿಂದ ಒಬ್ಬ ಬೆಳೆಗಾರರ ಖರೀದಿ ಕರಾರು, ತೇವಾಂಶದ ಷರತ್ತು, ಬ್ಯಾಂಕ್ ವಿವರದ ನಮೂನೆ ಮೂರನ್ನೂ ಒಟ್ಟಿಗೆ ಕಳುಹಿಸಿದರೆ ಒಂದೇ ಖರ್ಚಾಗುತ್ತದೆ. ಇಮೇಲ್ ವಿಳಾಸ ತಪ್ಪಿದ್ದರೆ Void ಮಾಡಬೇಡಿ, ರದ್ದಾದದ್ದೂ ಲೆಕ್ಕಕ್ಕೆ ಸೇರುತ್ತದೆ. Correct ಒತ್ತಿ ಅದನ್ನೇ ತಿದ್ದಿರಿ.

ಟೆಂಪ್ಲೇಟ್ ಪರ್ಸನಲ್‌ನಲ್ಲೂ ಇದೆ, ಆದರೆ ನಿಮ್ಮ ಗುಮಾಸ್ತರೊಡನೆ ಹಂಚಿಕೊಳ್ಳಲು ಸ್ಟ್ಯಾಂಡರ್ಡ್ ಬೇಕು. ತಾನಾಗಿ ಹೋಗುವ ಜ್ಞಾಪನೆಯೂ ಅಲ್ಲಿಯೇ. ಪರ್ಸನಲ್‌ನಲ್ಲಿ Resend ಒತ್ತುತ್ತಿರಬೇಕು, ಅದಕ್ಕೆ ಹೊಸ ಎನ್ವಲಪ್ ಕಳೆಯುವುದಿಲ್ಲ. ಕೊಯ್ಲಿನ ನಡುವೆ ಇಮೇಲ್ ನೋಡುವ ತೋಟದವರು ಎಷ್ಟು ಮಂದಿ!

ವಾರ್ಷಿಕ ಪಾವತಿಯ ಸ್ಟ್ಯಾಂಡರ್ಡ್‌ನಲ್ಲಿ ಒಬ್ಬ ಬಳಕೆದಾರರಿಗೆ ವರ್ಷಕ್ಕೆ 100 ಸಿಗುವುದರಿಂದ, ಡಿಸೆಂಬರ್‌ನಲ್ಲಿ 30 ಕಳುಹಿಸಿ ಮಳೆಗಾಲದಲ್ಲಿ ಸುಮ್ಮನಿರುವ ನಿಮ್ಮಂಥ ವ್ಯಾಪಾರಕ್ಕೆ ಅದೇ ಒಪ್ಪುತ್ತದೆ.