ಎರಡನೇ ಸಲ ಕೊನೆಯಿಂದ ಶುರು ಮಾಡಿ: 'ದೃಶ್ಯಂ' ಇಟ್ಟುಕೊಂಡು ಸೆಟಪ್, ಪೇಆಫ್ ಕಲಿಯುವುದು

ಪ್ರಶ್ನೆ: ಚಿತ್ರಕಥೆ ಬರೆಯಬೇಕು ಅಂತ ಆಸೆ. ಎಲ್ಲರೂ 'ಸಿನಿಮಾ ಜಾಸ್ತಿ ನೋಡು' ಅಂತಾರೆ. ನೋಡ್ತೀನಿ, ಆದ್ರೆ ಹತ್ತು ನಿಮಿಷಕ್ಕೆ ಕಥೆಯೊಳಗೆ ಮುಳುಗಿಬಿಡ್ತೀನಿ. ಸೆಟಪ್, ಪೇಆಫ್ ಇವನ್ನೆಲ್ಲ ಗಮನಿಸೋದು ಹೇಗೆ? ಯಾವ ಸಿನಿಮಾದಿಂದ ಶುರು ಮಾಡಲಿ?

ಮೊದಲ ಸಲ ನೋಡುವಾಗ ಮುಳುಗಿಬಿಡಿ. ಅದನ್ನು ತಡೆಯಬೇಡಿ. ಎಲ್ಲಿ ಬೆಚ್ಚಿಬಿದ್ದಿರಿ, ಎಲ್ಲಿ ಕಣ್ಣು ತುಂಬಿತು ಅನ್ನುವುದೇ ಮುಂದಿನ ಕೆಲಸಕ್ಕೆ ಬೇಕಾದ ಸರಕು. ನೋಡಿ ಮುಗಿದ ತಕ್ಷಣ, ಮೊಬೈಲ್ ಮುಟ್ಟುವ ಮೊದಲು, ಅಂಥ ನಾಲ್ಕೈದು ಜಾಗಗಳನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಹೆಚ್ಚಿನವು ಸಿನಿಮಾದ ಕೊನೇ ಭಾಗದಲ್ಲೇ ಇರುತ್ತವೆ. ಅವೇ ಪೇಆಫ್‌ಗಳು. ಅವಕ್ಕೆ ಬೇಕಾದ್ದನ್ನು ಕಥೆ ಮೊದಲೇ ತಂದಿಟ್ಟಿರುತ್ತದಲ್ಲ, ಅದು ಸೆಟಪ್.

ಎರಡನೇ ಸಲ ನೋಡುವುದು ಇದಕ್ಕೆ ಉತ್ತರ ಹುಡುಕಲು ಮಾತ್ರ: ಈ ಕ್ಷಣಕ್ಕೆ ಬೇಕಾದ ವಿಷಯ ನನಗೆ ಮೊದಲು ಗೊತ್ತಾಗಿದ್ದು ಎಲ್ಲಿ? ಆಗ ಅದು ನನ್ನ ಕಣ್ಣಿಗೆ ಏನಾಗಿ ಕಂಡಿತ್ತು? ಮೊದಲಿನಿಂದ ಕಾಯುತ್ತಾ ಕೂತರೆ ಎಲ್ಲವೂ ಸೆಟಪ್ ಥರಾನೇ ಕಾಣುತ್ತದೆ. ಕೊನೆಯಿಂದ ಹಿಂದಕ್ಕೆ ಹೋದರೆ ಬೇಕಾದ್ದು ಮಾತ್ರ ಸಿಗುತ್ತದೆ.

ಶುರು ಮಾಡಲು ನಾನು ಹೇಳುವ ಹೆಸರು 'ದೃಶ್ಯಂ', ಜೀತು ಜೋಸೆಫ್ ಬರೆದು ನಿರ್ದೇಶಿಸಿದ 2013ರ ಮಲಯಾಳಂ ಸಿನಿಮಾ. 2014ರಲ್ಲಿ ಪಿ. ವಾಸು ಇದನ್ನೇ ರವಿಚಂದ್ರನ್ ಅವರನ್ನು ಇಟ್ಟುಕೊಂಡು ಕನ್ನಡದಲ್ಲಿ 'ದೃಶ್ಯ' ಅಂತ ಮಾಡಿದರು. ಐಜಿ ಪಾತ್ರದಲ್ಲಿ ಎರಡರಲ್ಲೂ ಆಶಾ ಶರತ್ ಇದ್ದಾರೆ. ನಾನು ಮೂಲದ ಹೆಸರುಗಳನ್ನೇ ಬಳಸುತ್ತೇನೆ. ಕಥೆ ಪೂರ್ತಿ ಬಿಚ್ಚಿ ಹೇಳುವುದರಿಂದ, ಇನ್ನೂ ನೋಡಿಲ್ಲ ಅಂದರೆ ನೋಡಿಕೊಂಡು ಬಂದು ಮುಂದೆ ಓದಿ.

ಕೊನೆಯಿಂದ ಬರೋಣ. ನಾಯಕ ಜಾರ್ಜ್‌ಕುಟ್ಟಿ ಹೊಸ ಪೊಲೀಸ್ ಸ್ಟೇಷನ್ನಿನಲ್ಲಿ ಸಹಿ ಹಾಕಿ ಹೊರಗೆ ಬರುತ್ತಾನೆ. ಆಗ ನಮಗೆ ಗೊತ್ತಾಗುತ್ತದೆ, ಅವನ ಮನೆಯವರ ಕೈಯಲ್ಲಿ ಸತ್ತ ಹುಡುಗನ, ಅಂದರೆ ಐಜಿಯ ಮಗನ, ಹೆಣ ಇರುವುದು ಇದೇ ಕಟ್ಟಡದ ನೆಲದ ಕೆಳಗೆ ಅಂತ. ಕಟ್ಟಡ ಇನ್ನೂ ಕೆಲಸದಲ್ಲಿದ್ದಾಗ ಅವನು ಗುದ್ದಲಿ ಹಿಡಿದು ಅಲ್ಲಿಂದ ಹೊರಬಂದಿದ್ದ. ಹಾಗಾದರೆ ಈ ಕಟ್ಟಡದ ಪರಿಚಯ ನಮಗೆ ಆಗಿದ್ದು ಯಾವಾಗ? ಹಿಂದಕ್ಕೆ ಹೋಗಿ ನೋಡಿ. ಸಿನಿಮಾ ಶುರುವಾಗುವುದೇ ಅಲ್ಲಿ! ಜಾರ್ಜ್‌ಕುಟ್ಟಿ ಹೊಸ ಸ್ಟೇಷನ್ನಿನಲ್ಲಿ ಕೂತಿದ್ದಾನೆ, ಪೊಲೀಸಿನವನೊಬ್ಬ ಅವನನ್ನು ಮಾತಾಡಿಸುತ್ತಾನೆ, ಅಲ್ಲಿಂದ ಫ್ಲ್ಯಾಶ್‌ಬ್ಯಾಕ್.

ಇಲ್ಲಿ ಬರಹಗಾರ ಮಾಡಿದ್ದನ್ನು ನಿಧಾನವಾಗಿ ಗಮನಿಸಿ. ಅಷ್ಟು ದೊಡ್ಡ ಗುಟ್ಟನ್ನು ಮೊದಲ ದೃಶ್ಯದಲ್ಲೇ ನಮ್ಮೆದುರು ಇಟ್ಟಿದ್ದಾರೆ. ಆದರೂ ನಮಗೆ ಕಾಣಲಿಲ್ಲ. ಯಾಕೆಂದರೆ ಆ ದೃಶ್ಯ ಬೇರೆಯೇ ಪ್ರಶ್ನೆ ಎಬ್ಬಿಸುತ್ತದೆ: ಈ ಮನುಷ್ಯ ಇಲ್ಲಿಗೆ ಯಾಕೆ ಬಂದ, ಏನು ಮಾಡಿದ? ನಮ್ಮ ಕಣ್ಣು ಮನುಷ್ಯನ ಮೇಲೆ ಇರುತ್ತದೆ, ಕಟ್ಟಡ ಬರೀ ಜಾಗವಾಗಿ ಉಳಿಯುತ್ತದೆ. ಫ್ಲ್ಯಾಶ್‌ಬ್ಯಾಕಿನೊಳಗೂ ಸ್ಟೇಷನ್ ಕಟ್ಟುತ್ತಿರುವ ವಿಷಯ ಊರಿನ ಹತ್ತು ಸುದ್ದಿಗಳ ನಡುವೆ ಬಂದು ಹೋಗುತ್ತದೆ. ಅದಕ್ಕೇ ಕೊನೆಯಲ್ಲಿ ಗೊತ್ತಾದಾಗ 'ಮೋಸ ಮಾಡಿದರು' ಅನ್ನಿಸುವುದಿಲ್ಲ, 'ಅಯ್ಯೋ, ಕಣ್ಣೆದುರೇ ಇತ್ತಲ್ಲ' ಅನ್ನಿಸುತ್ತದೆ.

ನಾನು ಸೆಟಪ್ ಅಳೆಯುವ ಅಳತೆಗೋಲು ಇದೊಂದೇ. ಸೆಟಪ್ ಆಗಿರುವ ದೃಶ್ಯಕ್ಕೆ ಆ ಹೊತ್ತಿನಲ್ಲಿ ಬೇರೆ ಸ್ವಂತ ಕೆಲಸ ಇರಬೇಕು. ನಗಿಸುವುದೋ, ಜಗಳ ಹೊತ್ತಿಸುವುದೋ, ಕುತೂಹಲ ಎಬ್ಬಿಸುವುದೋ, ಏನಾದರೂ ಸರಿ. ಮುಂದೆ ಬೇಕಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಇಟ್ಟ ದೃಶ್ಯವನ್ನು ಪ್ರೇಕ್ಷಕರು ತಕ್ಷಣ ಹಿಡಿದುಬಿಡುತ್ತಾರೆ.

ಜಾರ್ಜ್‌ಕುಟ್ಟಿಯ ಸಿನಿಮಾ ಹುಚ್ಚನ್ನೇ ತೆಗೆದುಕೊಳ್ಳಿ. ಕೊಲೆ ಮುಚ್ಚಿಹಾಕುವ ಅವನ ಬುದ್ಧಿಯೆಲ್ಲ ಅಲ್ಲಿಂದ ಬಂದದ್ದು. ನಾಲ್ಕನೇ ಕ್ಲಾಸು ಓದಿದ ಕೇಬಲ್ ಟಿವಿ ನಡೆಸುವವನು ಪೊಲೀಸರ ತನಿಖೆಯನ್ನು ಒಂದೊಂದು ಹೆಜ್ಜೆ ಮೊದಲೇ ಊಹಿಸುತ್ತಾನೆ ಅಂದರೆ ನಾವು ನಂಬಬೇಕಲ್ಲ! ಈ ನಂಬಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಮೊದಲು ಅದು ತಮಾಷೆ: ರಾತ್ರಿಯೆಲ್ಲ ಆಫೀಸಿನಲ್ಲಿ ಸಿನಿಮಾ ನೋಡುತ್ತಾ ಕೂರುತ್ತಾನೆ, ಪರದೆಯ ಮೇಲೆ ಪ್ರೇಮದ ದೃಶ್ಯ ಬಂದರೆ ಹೆಂಡತಿ ನೆನಪಾಗಿ ಮನೆಗೆ ಓಡುತ್ತಾನೆ. ನಾವು ನಗುತ್ತೇವೆ. ಆಮೇಲೆ ಅದು ಉಪಯೋಗಕ್ಕೆ ಬರುತ್ತದೆ: ಕಷ್ಟದಲ್ಲಿರುವವರಿಗೆ, ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ ಅಂತ ಸಲಹೆ ಕೊಡುತ್ತಾನೆ, ಅದೂ ಸಿನಿಮಾ ನೋಡಿ ಕಲಿತದ್ದು. ಇಲ್ಲಿ ನಮಗೆ ಅವನ ಮೇಲೆ ಸ್ವಲ್ಪ ಮೆಚ್ಚುಗೆ ಬರುತ್ತದೆ. ಮೂರನೇ ಸಲ ಇದೇ ಹುಚ್ಚು ಮನೆಯವರ ಜೀವ ಉಳಿಸುವ ಆಯುಧವಾಗುತ್ತದೆ. ಒಂದೇ ವಿಷಯ ಮೂರು ಸಲ ಬಂದರೂ ಪ್ರತಿ ಸಲ ಬೇರೆ ಭಾವ, ಬೇರೆ ತೂಕ. ಅದಕ್ಕೇ ಅದು ನೆನಪಿಸಿದ ಹಾಗೆ ಕಾಣುವುದಿಲ್ಲ, ಬೆಳೆದ ಹಾಗೆ ಕಾಣುತ್ತದೆ.

'ಮೊದಲರ್ಧ ನಿಧಾನ' ಅಂತ ಈ ಸಿನಿಮಾ ಬಗ್ಗೆ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಸಾಧ್ಯವಾದರೆ ಆ ಭಾಗದ ಒಂದೊಂದೇ ದೃಶ್ಯವನ್ನು ತೆಗೆದು, ಕೊನೆಯಲ್ಲಿ ಏನು ಕುಸಿಯುತ್ತದೆ ಅಂತ ಯೋಚಿಸಿ. ಕಾನ್‌ಸ್ಟೇಬಲ್ ಸಹದೇವನ್ ಜೊತೆಗಿನ ಹಗೆಯನ್ನು ತೆಗೆದರೆ? ಹುಡುಗನ ಹಳದಿ ಕಾರನ್ನು ಜಾರ್ಜ್‌ಕುಟ್ಟಿ ಓಡಿಸಿಕೊಂಡು ಹೋಗುವುದನ್ನು ನೋಡುವುದು ಅವನೇ. ಅವನು ಹೇಳುವುದು ನಿಜ. ಆದರೆ ಅದೇ ಮಾತು ಹಗೆಯಿಲ್ಲದ ಬೇರೆ ಯಾರದ್ದಾದರೂ ಬಾಯಿಂದ ಬಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಹಗೆ ಮೊದಲೇ ಇದ್ದದ್ದರಿಂದ ಅವನ ನಿಜದ ಮೇಲೂ ಅನುಮಾನದ ಬಣ್ಣ ಬೀಳುತ್ತದೆ. ಒಂದೇ ಸೆಟಪ್ ನಾಯಕನಿಗೆ ಅಪಾಯವೂ ಹೌದು, ಗುರಾಣಿಯೂ ಹೌದು. ನನಗೆ ಇಡೀ ಚಿತ್ರಕಥೆಯಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಕ್ಲೈಮ್ಯಾಕ್ಸ್ ಜೋಡಿಸಿದ ರೀತಿಯನ್ನೂ ನೋಡಿ. ಆ ರಾತ್ರಿ ಅಮ್ಮ, ಅಕ್ಕ ಹೆಣ ಹೂಳುವುದನ್ನು ಚಿಕ್ಕ ಮಗಳು ಅನು ನೋಡಿರುತ್ತಾಳೆ. ಇದು ಮರೆಮಾಚದ ಸೆಟಪ್. ಇವಳ ಬಾಯಿಂದಲೇ ಹೊರಬರುತ್ತದೆ ಅಂತ ನಮಗೆ ಆಗಲೇ ಭಯ ಶುರುವಾಗುತ್ತದೆ, ಆ ಭಯವೇ ಅದರ ಕೆಲಸ. ಪೊಲೀಸರ ಹೊಡೆತಕ್ಕೆ ಮಗು ಗೊಬ್ಬರದ ಗುಂಡಿ ತೋರಿಸಿಬಿಡುತ್ತದೆ. ಅಗೆಯುತ್ತಾರೆ. ಸಿಗುವುದು ಕರುವಿನ ಹೆಣ. ನಾವು ಕಾಯುತ್ತಿದ್ದ ಪೇಆಫ್ ಬಂತು, ಆದರೆ ತಿರುಗಿಕೊಂಡು ಬಂತು. ಉಸಿರು ಬಿಡುವಷ್ಟರಲ್ಲಿ ಹೊಸ ಪ್ರಶ್ನೆ: ಹಾಗಾದರೆ ಹೆಣ ಎಲ್ಲಿ? ಅದಕ್ಕೆ ಉತ್ತರ ಮೊದಲ ದೃಶ್ಯದಿಂದಲೇ ನಮ್ಮೆದುರು ಇದ್ದ ಕಟ್ಟಡ. ಬಯಲಲ್ಲಿದ್ದ ಸೆಟಪ್ ನಮ್ಮ ಗಮನವನ್ನೆಲ್ಲ ಹಿಡಿದುಕೊಂಡಿತ್ತು, ಅಡಗಿದ್ದದ್ದು ಅದರ ನೆರಳಲ್ಲಿ ಸುಮ್ಮನೆ ಕೂತಿತ್ತು.

ವಸ್ತುವನ್ನು ಸೆಟಪ್ ಮಾಡುವುದು ಇನ್ನೂ ಕಷ್ಟ. ಅದು ಪಾತ್ರದ ಹತ್ತಿರ ಕೊನೆಯವರೆಗೂ ಉಳಿಯಬೇಕಲ್ವಾ? ಇದಕ್ಕೆ 1985ರ 'ಬ್ಯಾಕ್ ಟು ದಿ ಫ್ಯೂಚರ್' ನೋಡಿ. ಮಾರ್ಟಿ ತನ್ನ ಹುಡುಗಿಗೆ ಮುತ್ತು ಕೊಡುವಷ್ಟರಲ್ಲಿ ಒಬ್ಬ ಹೆಂಗಸು ಅಡ್ಡ ಬಂದು, ಗಡಿಯಾರದ ಗೋಪುರ ಉಳಿಸಲು ಹಣ ಕೇಳಿ ಕರಪತ್ರ ಕೊಡುತ್ತಾಳೆ. 1955ರಲ್ಲಿ ಆ ಗೋಪುರಕ್ಕೆ ಸಿಡಿಲು ಹೊಡೆದ ವಿಷಯ ಅದರಲ್ಲಿದೆ. ಯಾವ ಹುಡುಗ ಇಂಥ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ? ಅದಕ್ಕೇ ಹುಡುಗಿ ಅದರ ಹಿಂಬದಿಯಲ್ಲಿ ಫೋನ್ ನಂಬರ್ ಮತ್ತು ಪ್ರೀತಿಯ ಒಂದು ಸಾಲು ಬರೆದುಕೊಡುತ್ತಾಳೆ. ಈಗ ಅವನು ಎಸೆಯುವುದಿಲ್ಲ. ಕಾಲಯಂತ್ರದಲ್ಲಿ 1955ಕ್ಕೆ ಹೋಗಿ ಸಿಕ್ಕಿಹಾಕಿಕೊಂಡಾಗ, ಅವಳ ಬರಹ ತೋರಿಸಲೆಂದೇ ವಿಜ್ಞಾನಿಯ ಮುಂದೆ ತೆಗೆಯುತ್ತಾನೆ. ಕಾಗದದ ಇನ್ನೊಂದು ಮಗ್ಗುಲಲ್ಲಿ ವಾಪಸ್ ಹೋಗಲು ಕಾಲಯಂತ್ರಕ್ಕೆ ಬೇಕಾದ ವಿದ್ಯುತ್ತಿನ ದಾರಿ ಇದೆ. ಕಾಗದ ಯಾಕೆ ಉಳಿಯಿತು, ಯಾಕೆ ಹೊರಗೆ ಬಂತು, ಎರಡಕ್ಕೂ ಕಾರಣ ಪ್ರೀತಿಯೇ. ಕಥೆಗೆ ಬೇಕಿತ್ತು ಅನ್ನುವುದು ಎಲ್ಲೂ ಕಾಣುವುದಿಲ್ಲ.

ಇನ್ನು ಕೆಲಸ ಮಾಡುವ ಕ್ರಮ. ನಮ್ಮವರು ಒನ್‌ಲೈನ್ ಆರ್ಡರ್ ಅನ್ನುತ್ತಾರಲ್ಲ, ಒಂದು ದೃಶ್ಯಕ್ಕೆ ಒಂದು ಸಾಲು, ಅದನ್ನು ಮುಗಿದ ಸಿನಿಮಾದಿಂದ ಬರೆದು ತೆಗೆಯಿರಿ. ಎಡಗಡೆ ಸಮಯ, ನಡುವೆ ಆ ದೃಶ್ಯದಲ್ಲಿ ಏನು ಬದಲಾಯಿತು ಅನ್ನುವುದು. ಬಲಗಡೆ ಖಾಲಿ ಬಿಡಿ. ಪೂರ್ತಿ ಆದ ಮೇಲೆ ಮೊದಲು ಗುರುತಿಸಿದ್ದ ಪೇಆಫ್ ಒಂದೊಂದನ್ನೇ ಹಿಡಿದು, ಅದರ ಸೆಟಪ್ ಸಿಕ್ಕ ಸಾಲಿನ ಬಲಕ್ಕೆ ಬರೆಯುತ್ತಾ ಹೋಗಿ. 'ದೃಶ್ಯಂ' ಎರಡೂಮುಕ್ಕಾಲು ಗಂಟೆಯ ಹತ್ತಿರ ಇದೆ, ಒಂದೇ ದಿನಕ್ಕೆ ಮುಗಿಸಲು ಹೋಗಬೇಡಿ. ಬಸ್ ಕಂಡಕ್ಟರ್, ಹೋಟೆಲ್, ಥಿಯೇಟರ್ ಸಾಕ್ಷಿಗಳ ಸರಣಿಯನ್ನು ನಾನು ಬೇಕೆಂದೇ ಬಿಡಿಸಿಲ್ಲ. ಜಾರ್ಜ್‌ಕುಟ್ಟಿ ಮನೆಯವರು ಆಗಸ್ಟ್ 2ಕ್ಕೆ ಊರಲ್ಲಿ ಇರಲಿಲ್ಲ ಅನ್ನುವುದನ್ನು ಅಷ್ಟು ಜನ ಪ್ರಾಮಾಣಿಕವಾಗಿ ಹೇಗೆ ಹೇಳುತ್ತಾರೆ? ಅದರ ಸೆಟಪ್ ಎಲ್ಲೆಲ್ಲಿದೆ ಅಂತ ನೀವೇ ಹುಡುಕಿ.

ನಿಮ್ಮ ಸ್ಕ್ರಿಪ್ಟಿಗೂ ಇದೇ ಹಾಳೆ ಸಾಕು. ಬರೆದದ್ದನ್ನು ಕಥೆ ಗೊತ್ತಿಲ್ಲದ ಗೆಳೆಯರಿಗೆ ಅರ್ಧದವರೆಗೆ ಓದಲು ಕೊಡಿ. ಮುಂದೆ ಯಾವುದು ಮುಖ್ಯ ಆಗಬಹುದು ಅಂತ ಕೇಳಿ. ನೀವು ಅಡಗಿಸಿಟ್ಟದ್ದನ್ನೇ ಥಟ್ಟನೆ ಹೇಳಿದರೆ ಆ ದೃಶ್ಯಕ್ಕೆ ಸ್ವಂತ ಕೆಲಸ ಕೊಟ್ಟಿಲ್ಲ ಅಂತ ಅರ್ಥ. ಪೂರ್ತಿ ಓದಿದ ಮೇಲೆ 'ಇದು ಎಲ್ಲಿಂದ ಬಂತು?' ಅಂದರೆ ಸೆಟಪ್ ತೀರಾ ಸಣ್ಣದಾಗಿದೆ, ಇಲ್ಲವೇ ತುಂಬಾ ಹಿಂದೆ ಉಳಿದು ಮರೆತುಹೋಗಿದೆ. ಆಗ ನಡುವೆ ಇನ್ನೊಂದು ಸಲ ಬರಲಿ, ಆದರೆ ಬೇರೆ ಭಾವದಲ್ಲಿ.

ಈ ವಿಧಾನ ಎಲ್ಲ ಸಿನಿಮಾಕ್ಕೂ ಹೊಂದುವುದಿಲ್ಲ. ರಾಮ್ ರೆಡ್ಡಿ ಅವರ 'ತಿಥಿ'ಯಲ್ಲಿ ಅಡಗಿಸಿಟ್ಟ ಗುಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನಕ್ಕೆ ತಿಥಿ. ಮಗ, ಮೊಮ್ಮಗ, ಮರಿಮಗ ಮೂವರೂ ಮೂರು ದಿಕ್ಕು. ಅಲ್ಲಿ ಕಥೆಯನ್ನು ಹಿಡಿದಿರುವುದು ಆ ಹನ್ನೊಂದು ದಿನದ ಗಡುವು ಮತ್ತು ಒಬ್ಬೊಬ್ಬರಿಗೆ ಬೇಕಾದ್ದೇ ಬೇರೆ ಅನ್ನುವುದು. ಹಾಗಾಗಿ 'ದೃಶ್ಯಂ' ಹಾಳೆ ಮುಗಿದ ಮೇಲೆ 'ತಿಥಿ'ಗೆ ಬೇರೆ ಹಾಳೆ ತೆಗೆದುಕೊಳ್ಳಿ. ದಿನಕ್ಕೊಂದು ಅಡ್ಡಸಾಲು, ಮೂವರಿಗೆ ಮೂರು ಕಂಬಸಾಲು. ಯಾರು ಯಾವ ದಿನ ಎಲ್ಲಿದ್ದಾರೆ, ಒಬ್ಬರ ಆಸೆ ಇನ್ನೊಬ್ಬರಿಗೆ ಎಲ್ಲಿ ಅಡ್ಡ ಬರುತ್ತದೆ, ಅದನ್ನಷ್ಟೇ ತುಂಬಿಸಿ.