ಮೂರು ರಾತ್ರಿ ಅಂದವಳು ಒಂದೇ ರಾತ್ರಿ ಉಳಿದಾಗ

ವಿದ್ಯಾ (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ) ಕೂತ ತಕ್ಷಣ ಫೋನನ್ನು ನನ್ನ ಕಡೆ ತಿರುಗಿಸಿದರು. ಗೆಳತಿ ರೂಪಾ 3,500 ರೂಪಾಯಿ ಕಳಿಸಿದ್ದಳು. ಕೆಳಗೆ ಒಂದು ಸಾಲು: "ನನ್ನ ಒಂದು ರಾತ್ರಿದು."

"ಹದಿನೈದು ವರ್ಷದ ಸ್ನೇಹ ಮೇಡಂ. ಇದನ್ನ ನೋಡಿದಾಗಿಂದ ಅವಳ ಫೋನ್ ಎತ್ತೋಕೂ ಮನಸ್ಸು ಬರ್ತಿಲ್ಲ."

ಐದು ಗೆಳತಿಯರು ಸಕಲೇಶಪುರದ ಹತ್ತಿರ ಒಂದು ಎಸ್ಟೇಟ್ ಬಂಗಲೆಯನ್ನು ಮೂರು ರಾತ್ರಿಗೆ ಪೂರ್ತಿ ಹಿಡಿದಿದ್ದರು. ರಾತ್ರಿಗೆ 14,000, ಒಟ್ಟು 42,000. ಕಟ್ಟಿದ್ದು ವಿದ್ಯಾ. ಲೆಕ್ಕದ ಮಾತು ಬಂದಾಗ "ಆಮೇಲೆ ನೋಡ್ಕೊಳ್ಳೋಣ ಬಿಡೇ" ಅಂದಿದ್ದೂ ಅವರೇ. ಶ್ವೇತಾ ಎರಡೇ ರಾತ್ರಿ ಇರ್ತೀನಿ ಅಂತ ಬುಕಿಂಗ್‌ಗೆ ಮೊದಲೇ ಹೇಳಿದ್ದಳು. ರೂಪಾ ಮೂರೂ ರಾತ್ರಿ ಅಂದಿದ್ದಳು. ಹೊರಡುವ ಹಿಂದಿನ ದಿನ ಅವಳ ಮಾವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಶನಿವಾರ ಒಂದು ರಾತ್ರಿ ಬಂದು ಹೋದಳು. ಬಾಡಿಗೆ ಮಾತ್ರ ಒಂದು ರೂಪಾಯಿಯೂ ಇಳಿಯಲಿಲ್ಲ.

ರೂಪಾ ಮೋಸದ ಲೆಕ್ಕವೇನೂ ಹಾಕಿರಲಿಲ್ಲ. ಐವರೂ ಅಲ್ಲಿ ನಿಜವಾಗಿ ತಂಗಿದ್ದ ರಾತ್ರಿಗಳನ್ನೆಲ್ಲ ಕೂಡಿದರೆ 12. 42,000ವನ್ನು 12ರಿಂದ ಭಾಗಿಸಿದರೆ 3,500. ಎಲ್ಲರೂ ಮೊದಲೇ ಹೇಳಿ ಬಂದಿದ್ದರೆ ಇದೇ ಸರಿಯಾದ ದಾರಿ. ಇಲ್ಲಿ ತೊಂದರೆ ಎಲ್ಲಿದೆ ಅಂದರೆ, ಬುಕ್ ಮಾಡಿದ ದಿನದ ಲೆಕ್ಕದಲ್ಲಿ ರಾತ್ರಿಗಳು 14, ತಲಾ ಒಂದು ರಾತ್ರಿಗೆ 3,000. ಆ ಪ್ರಕಾರ ಶ್ವೇತಾ ಕೊಡಬೇಕಾದದ್ದು 6,000. ರೂಪಾ ಲೆಕ್ಕದಲ್ಲಿ ಅದು 7,000 ಆಗುತ್ತದೆ. ಮಾತು ಉಳಿಸಿಕೊಂಡವಳಿಗೆ ಸಾವಿರ ಜಾಸ್ತಿ! ಇದನ್ನು ತೋರಿಸಿದಾಗ ವಿದ್ಯಾ ಸುಮ್ಮನಾದರು. ತಮಗೆ ಚುಚ್ಚಿದ್ದು ಏನು ಅಂತ ಅವರಿಗೆ ಆಗ ಸ್ಪಷ್ಟವಾಯಿತು.

ಹಾಗಂತ ರೂಪಾಗೆ ಮೂರೂ ರಾತ್ರಿಯ 9,000 ಕೊಡು ಅನ್ನುವುದೂ ನನಗೆ ಒಪ್ಪಿಗೆಯಾಗಲಿಲ್ಲ. ರೂಪಾ ಸುಮ್ನೆ ತಪ್ಪಿಸಿಕೊಂಡವಳಲ್ಲ. ನಾನು ಹೇಳಿದ್ದು ಇಷ್ಟು: ಬುಕಿಂಗ್ ದಿನದ ದರವನ್ನೇ ಹಿಡಿಯಿರಿ. ರೂಪಾ ಬಾರದ ಎರಡು ರಾತ್ರಿಯ 6,000ದಲ್ಲಿ ಅರ್ಧ ಅವಳದು, ಅರ್ಧ ಮೂರು ರಾತ್ರಿ ಇದ್ದ ನಿಮ್ಮ ಮೂವರದು. ಆಗ ರೂಪಾ 6,000, ಶ್ವೇತಾ 6,000, ನೀವು ಮೂವರು ತಲಾ 10,000. ಊಟ ಇದರಲ್ಲಿ ಸೇರಿಸಬೇಡಿ. ಅಲ್ಲಿ ತಟ್ಟೆ ಲೆಕ್ಕ, ಉಂಡವರು ಕೊಟ್ಟರೆ ಸಾಕು. ಆ ಅರ್ಧ ಬಿಟ್ಟುಕೊಡುವುದು ನಿಮ್ಮ ಮೂವರ ಪ್ರೀತಿ, ಅವಳ ಹಕ್ಕಲ್ಲ. ಅದಕ್ಕೇ ಮೊದಲು ಉಳಿದಿಬ್ಬರ ಒಪ್ಪಿಗೆ ಕೇಳಿ.

ಗ್ರೂಪಿನಲ್ಲಿ ಮಾತ್ರ ಹಾಕಬೇಡಿ ಅಂದೆ. ನಾಲ್ಕು ಜನರ ಮುಂದೆ ಲೆಕ್ಕ ಬಂದರೆ ಯಾರಿಗಾದರೂ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ ಅಲ್ವಾ? ಫೋನ್ ಮಾಡಿ, ಮೊದಲು ಮಾವನ ಆರೋಗ್ಯ ವಿಚಾರಿಸಿ. ಆಮೇಲೆ, "ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು ಕಣೇ, ಲೆಕ್ಕ ಹೀಗೆ ಮಾಡೋಣ್ವಾ?" ಅಂತ ಕೇಳಿ.

ಮುಂದಿನ ವಾರ ವಿದ್ಯಾ ಬಂದರು. ರೂಪಾ ಬಾಕಿ 2,500 ಅಂದೇ ಕಳಿಸಿದ್ದಳಂತೆ. ಶ್ವೇತಾಗೆ ಸಾವಿರ ಜಾಸ್ತಿ ಬೀಳುತ್ತಿತ್ತು ಅನ್ನೋದು ಅವಳಿಗೆ ಹೊಳೆದೇ ಇರಲಿಲ್ಲವಂತೆ.