ಗಿರಾಕಿಗಳ ಫೈಲ್ ಡ್ರೈವ್‌ನಲ್ಲಿದ್ದರೆ ಬ್ಯಾಕಪ್ ಆದಂತೆಯೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಡಿಟಿಪಿ, ಡಿಸೈನ್ ಕೆಲಸ ಮಾಡ್ತೀನಿ. ಗಿರಾಕಿಗಳ ಫೈಲ್ ಎಲ್ಲಾ ತಾನಾಗೇ ಗೂಗಲ್ ಡ್ರೈವ್‌ಗೆ ಹೋಗುತ್ತೆ. ಬೇರೆ ಬ್ಯಾಕಪ್ ಬೇಕಾ? ಲಾಗಿನ್ ಆಗೋಕೆ ಪಾಸ್‌ವರ್ಡ್ ಜೊತೆ ಫೋನನ್ನೂ ಕೇಳೋ ಟು-ಸ್ಟೆಪ್ ಹಾಕೋಕೂ ಹೆದರಿಕೆ. ಫೋನ್ ಕಳೆದರೆ ನಾನೇ ಹೊರಗೆ ಉಳಿತೀನಲ್ವಾ?

ಬೇಕು. ಗದಗಿನಲ್ಲಿ ನಾನೂ ಇದೇ ಕೆಲಸದಲ್ಲಿದ್ದೇನೆ, ಹೆಚ್ಚಾಗಿ ಪ್ರೆಸ್‌ನವರಿಗೆ ಮಾಡಿಕೊಡುತ್ತೇನೆ. ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇರುತ್ತದೆ, ನಿಜ. ಆದರೆ ಲ್ಯಾಪ್‌ಟಾಪ್‌ನಲ್ಲಿ ಏನಾಗುತ್ತದೋ ಅಲ್ಲೂ ಅದೇ ಆಗುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಳಿಸಿದ ಫೈಲ್ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ.

ನಮ್ಮ ಕಡೆಯ ಗಿರಾಕಿಗಳಿಗೆ ಈ 30 ದಿನ ಏನೇನೂ ಸಾಲದು. ಅವರು ಬರುವುದೇ ವರ್ಷಕ್ಕೊಮ್ಮೆ. ಹಾವೇರಿಯ ನನ್ನ ಗೆಳೆಯರೊಬ್ಬರು ಬೀಜದ ಪೊಟ್ಟಣ, ಜಾತ್ರೆಯ ಪೋಸ್ಟರ್ ಮಾಡುತ್ತಾರೆ. ದೀಪಾವಳಿ ಹೊತ್ತಿಗೆ ಅವರ ಡಿಸ್ಕ್ ತುಂಬಿತು. ಹೇಗೂ ಡ್ರೈವ್‌ನಲ್ಲಿದೆ ಅಂದುಕೊಂಡು ಹಳೆಯ ಫೋಲ್ಡರುಗಳನ್ನು ಲ್ಯಾಪ್‌ಟಾಪ್‌ನಿಂದ ತೆಗೆದರು. ಮುಂಗಾರಿಗೆ ಮುಂಚೆ ಬೀಜದವರು ಬಂದು ಕಳೆದ ವರ್ಷದ ಪೊಟ್ಟಣದಲ್ಲಿ ಬೆಲೆ, ತಾರೀಖು ಬದಲಿಸಿಕೊಡಿ ಎಂದಾಗ ಫೈಲ್ ಎಲ್ಲೂ ಇರಲಿಲ್ಲ. ಕೋರೆಲ್‌ಡ್ರಾ ತಾನೇ ಇಡುವ `Backup_of_` ಫೈಲ್ ಕೂಡ ಅದೇ ಫೋಲ್ಡರ್‌ನಲ್ಲಿರುತ್ತದೆ. ಫೋಲ್ಡರ್ ಜೊತೆ ಅದೂ ಹೋಗಿತ್ತು. ಅಚ್ಚಾದ ಪೊಟ್ಟಣ ಮುಂದಿಟ್ಟುಕೊಂಡು ಇಡೀ ಡಿಸೈನನ್ನು ಮತ್ತೆ ಕೂಡಿಸಿದರು. ಆ ದುಡಿಮೆಗೆ ಯಾರೂ ಕಾಸು ಕೊಡುವುದಿಲ್ಲ.

ಹಾಗಾಗಿ ಡ್ರೈವ್ ಇರಲಿ, ಅದರ ಜೊತೆಗೆ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ. ಒಂದು ವಾರ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ನಕಲು ಮಾಡಿ. ಒಂದು ಮನೆಯಲ್ಲಿರಲಿ. ಇನ್ನೊಂದು ಅಣ್ಣನ ಮನೆಯಲ್ಲೋ ತವರಿನಲ್ಲೋ ಇರಲಿ. ವಿಂಡೋಸ್‌ನಲ್ಲಿ ಇದಕ್ಕೆ ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಒಂದು ಸಾಲು ಸಾಕು. D, E ಎಂಬ ಡಿಸ್ಕ್ ಅಕ್ಷರ, ಫೋಲ್ಡರ್ ಹೆಸರು ನಿಮ್ಮದು ಹಾಕಿ:

```
robocopy "D:\Clients" "E:\Clients" /E /R:1 /W:1
```

`/E` ಅಂದರೆ ಒಳಗಿನ ಫೋಲ್ಡರುಗಳೂ ಸೇರಿ. ಹೊಸದು, ಬದಲಾದದ್ದು ಮಾತ್ರ ನಕಲಾಗುತ್ತದೆ, ಆದ್ದರಿಂದ ಎರಡನೇ ಸಲದಿಂದ ಬೇಗ ಮುಗಿಯುತ್ತದೆ. ಕೊನೆಯ ಎರಡನ್ನು ಬಿಡಬೇಡಿ. ಅವು ಇಲ್ಲದಿದ್ದರೆ, ಎಲ್ಲೋ ತೆರೆದಿಟ್ಟ ಒಂದು ಫೈಲಿಗಾಗಿ ಅದು 30 ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತಾ ಕೂತೇ ಇರುತ್ತದೆ. ಮುಗಿದ ಮೇಲೆ ಕೆಳಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ `FAILED` ಎಂಬ ಕಡೆ 0 ಇರಬೇಕು. ಇಲ್ಲದಿದ್ದರೆ ಹೆಚ್ಚಾಗಿ ಯಾವುದೋ ಫೈಲ್ ತೆರೆದಿರುತ್ತದೆ, ಅದನ್ನು ಮುಚ್ಚಿ ಮತ್ತೆ ಓಡಿಸಿ. ಇಂಟರ್ನೆಟ್‌ನಲ್ಲಿ ಹಲವರು `/MIR` ಹಾಕಿ ಅನ್ನುತ್ತಾರೆ. ನೀವು ಹಾಕಬೇಡಿ. ಲ್ಯಾಪ್‌ಟಾಪ್‌ನಲ್ಲಿ ಇಲ್ಲದ ಫೈಲನ್ನು ಅದು ಡಿಸ್ಕ್‌ನಿಂದಲೂ ಅಳಿಸುತ್ತದೆ. ಹಾವೇರಿಯ ಗೆಳೆಯರಿಗೆ ಆದದ್ದೇ ಮತ್ತೆ ಆಗುತ್ತದೆ.

ಡಿಸ್ಕ್ ಎರಡು ಯಾಕೆ ಅಂದರೆ, ಕೆಟ್ಟುಹೋದ ಫೈಲ್ ಕೂಡ ‘ಬದಲಾದ ಫೈಲ್’ ಆಗಿಯೇ ಹೋಗಿ ಹಳೆಯ ಒಳ್ಳೆಯ ಪ್ರತಿಯ ಮೇಲೆ ಕೂರುತ್ತದೆ. ಆಗ ಹೋದ ವಾರದ ಡಿಸ್ಕ್ ಕೈ ಹಿಡಿಯುತ್ತದೆ. ನಕಲು ಮುಗಿದ ಕೂಡಲೇ ಡಿಸ್ಕ್ ಕಿತ್ತಿಡಿ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ, ಲ್ಯಾಪ್‌ಟಾಪ್‌ಗೆ ಚುಚ್ಚಿಕೊಂಡಿರುವ ಡಿಸ್ಕನ್ನೂ ಬಿಡುವುದಿಲ್ಲ.

ಕನ್ನಡ ಡಿಟಿಪಿಯವರಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕೆಲಸವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಫೈಲ್ ಉಳಿದರೂ ಕೆಲಸ ಉಳಿಯಲಿಲ್ಲ, ಅಲ್ವಾ? ಕೋರೆಲ್‌ನಲ್ಲಿ `Collect for Output`, ಇನ್‌ಡಿಸೈನ್‌ನಲ್ಲಿ `Package` ಕೊಟ್ಟರೆ ಫೈಲಿಗೆ ಬೇಕಾದವೆಲ್ಲ ಒಂದೇ ಫೋಲ್ಡರಿಗೆ ಬರುತ್ತವೆ. ಬಂದ ಮೇಲೆ ಕನ್ನಡ ಫಾಂಟ್ ಅದರಲ್ಲಿ ಇದೆಯಾ ಎಂದು ನೋಡಿ, ಇಲ್ಲದಿದ್ದರೆ ಕೈಯಾರೆ ಹಾಕಿ. ಜೊತೆಗೊಂದು ಪಿಡಿಎಫ್ ಇಡಿ. ಆಗಾಗ ಪರಿಚಯದವರ ಕಂಪ್ಯೂಟರಿನಲ್ಲಿ ಡಿಸ್ಕ್ ಚುಚ್ಚಿ ಎರಡು ಮೂರು ಹಳೆಯ ಕೆಲಸ ತೆರೆದು ನೋಡಿ. ಬ್ಯಾಕಪ್ ಸರಿ ಇದೆಯೋ ಇಲ್ಲವೋ ತಿಳಿಯುವುದು ಅಲ್ಲೇ.

ಇನ್ನು ಫೋನಿನ ಹೆದರಿಕೆ. ಹೆದರಿಕೆ ಸರಿಯೇ, ಆದರೆ ಅದಕ್ಕೆ ದಾರಿಯೂ ಇದೆ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಟು-ಸ್ಟೆಪ್ ಒಳಗೆ `Backup codes` ಇದೆ. 8 ಅಂಕಿಯ 10 ಸಂಖ್ಯೆ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಫೋನ್ ಇಲ್ಲದಿದ್ದರೂ ಪಾಸ್‌ವರ್ಡ್ ಜೊತೆ ಇದರಲ್ಲೊಂದು ಹಾಕಿ ಒಳಗೆ ಹೋಗಬಹುದು. ಕಾಗದದ ಮೇಲೆ ಎರಡು ಪ್ರತಿ ತೆಗೆಯಿರಿ. ಒಂದು ಮನೆಯ ಕಾಗದಪತ್ರದ ಜೊತೆ, ಇನ್ನೊಂದು ಆ ಎರಡನೇ ಡಿಸ್ಕ್ ಇರುವ ಮನೆಯಲ್ಲಿ. ಡ್ರೈವ್‌ನಲ್ಲೇ ಇಟ್ಟರೆ ಕೀಲಿಯನ್ನು ಮನೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡಂತೆ. ಮುಂದೆ ಹೊಸ ಪಟ್ಟಿ ತೆಗೆದರೆ ಹಳೆಯದು ನಡೆಯುವುದಿಲ್ಲ, ಆಗ ಎರಡೂ ಕಡೆ ಕಾಗದ ಬದಲಿಸಿ.

ಇವತ್ತೇ ಪರೀಕ್ಷೆ ಮಾಡಿ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಾಗಿನ್ ಆಗಿ. ಫೋನ್ ಕೇಳಿದಾಗ `Try another way` ಒತ್ತಿ ಕಾಗದದ ಒಂದು ಸಂಖ್ಯೆ ಹಾಕಿ. ಒಳಗೆ ಬಿಟ್ಟರೆ ಆ ಸಂಖ್ಯೆಗೆ ಗೀಟು ಹಾಕಿ.

ದಿನದ ಬಳಕೆಗೆ ಎಸ್‌ಎಂಎಸ್‌ಗಿಂತ, ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಮೇಲು. ನೆಟ್‌ವರ್ಕ್ ಬೇಕಿಲ್ಲ, ಸಿಮ್ ಬೇರೆಯವರ ಕೈ ಸೇರಿದರೂ ಕೋಡ್ ಅವರಿಗೆ ಹೋಗುವುದಿಲ್ಲ. ಕೋಡ್ ಸರಿ ಹಾಕಿದರೂ ತಪ್ಪು ಅಂದರೆ ಫೋನಿನ ಗಡಿಯಾರ ನೋಡಿ, ಸಮಯ ಆಟೋಮ್ಯಾಟಿಕ್‌ನಲ್ಲಿರಬೇಕು. ಖಾತೆಯಲ್ಲಿ ರಿಚಾರ್ಜ್ ಮಾಡದ ಹಳೆಯ ನಂಬರ್ ಉಳಿದಿದ್ದರೆ ಮೊದಲು ತೆಗೆಯಿರಿ, ಅದು ಮುಂದೆ ಬೇರೆಯವರಿಗೆ ಹೋಗಬಹುದು.

ಪಾಸ್‌ವರ್ಡ್ ವಿಷಯದಲ್ಲಿ ನೀವು ನೆನಪಿಡಬೇಕಾದ್ದು ಎರಡೇ: ಜಿಮೇಲ್‌ನದು, ಪಾಸ್‌ವರ್ಡ್ ಮ್ಯಾನೇಜರ್‌ನದು. ಬಿಟ್‌ವಾರ್ಡನ್ ಉಚಿತವಾಗಿ ಸಿಗುತ್ತದೆ. ಉಳಿದದ್ದನ್ನೆಲ್ಲ ಅದೇ ಹುಟ್ಟಿಸಿ ಇಟ್ಟುಕೊಳ್ಳಲಿ, ಒಂದು ಕಡೆಯದು ಇನ್ನೊಂದು ಕಡೆ ಬೇಡ. ಈ ಎರಡಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಹಾಕಿ. ಮನೆದೇವರ ಹೆಸರು, ಹುಟ್ಟಿದ ವರ್ಷ ಬೇಡ. ಡಿಕ್ಷನರಿಯನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಪದ ತೆಗೆದುಕೊಳ್ಳಿ.

ಟು-ಸ್ಟೆಪ್‌ಗೂ ಒಂದು ಮಿತಿ ಇದೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಅಥವಾ ‘ಸ್ಯಾಂಪಲ್ ಡಿಸೈನ್’ ಅಂತ ಅಪರಿಚಿತರು ಕಳಿಸುವ ಜಿಪ್ ಫೈಲ್‌ನಲ್ಲಿ ವೈರಸ್ ಇದ್ದರೆ, ನೀವು ಆಗಲೇ ಲಾಗಿನ್ ಆಗಿರುವ ಗುರುತನ್ನೇ ಬ್ರೌಸರ್‌ನಿಂದ ಕದಿಯುತ್ತದೆ. ಆಗ ಪಾಸ್‌ವರ್ಡ್ ಕೇಳುವುದಿಲ್ಲ, ಕೋಡೂ ಕೇಳುವುದಿಲ್ಲ. ಅನುಮಾನ ಬಂದರೆ ಆ ಲ್ಯಾಪ್‌ಟಾಪ್‌ನ ನೆಟ್ ಬಂದ್ ಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ. ಫೋನಿನಿಂದ `Your devices` ಪುಟಕ್ಕೆ ಹೋಗಿ ಗೊತ್ತಿಲ್ಲದ್ದನ್ನೂ, ಆ ಲ್ಯಾಪ್‌ಟಾಪನ್ನೂ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆಯೇ ಬ್ಯಾಕಪ್ ಹಾರ್ಡ್ ಡಿಸ್ಕನ್ನು ಚುಚ್ಚಿ.